ಅರ್ಜಿ ಬರೆಯುವಾಗ ತೊಡಕಾಗುವ ಪದಗಳನ್ನು ನೆನಪಿನಲ್ಲಿಡುವ ಬಗೆ

ಜಾಲಿ ಪಟ್ಟಣ ಪಂಚಾಯಿತಿ ವ್ಯಾಪ್ತಿಯ ನಾಗರಿಕರು ಹಾಗೂ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳಲ್ಲಿ ವಿವಿಧ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ ಈ ಲೇಖನವನ್ನು ನೀಡಲಾಗಿದೆ. ಈ ಭಾಗದ ಅನೇಕ ಕುಟುಂಬಗಳಲ್ಲಿ ಮನೆಮಾತು ನವಾಯತಿ, ಕೊಂಕಣಿ ಅಥವಾ ಉರ್ದು ಆಗಿದ್ದು, ಕನ್ನಡವು ಶಾಲೆಯಲ್ಲಿ ಅಥವಾ ವ್ಯವಹಾರದಲ್ಲಿ ಕಲಿತ ಭಾಷೆಯಾಗಿರುತ್ತದೆ. 1963ರ ಕರ್ನಾಟಕ ರಾಜಭಾಷಾ ಅಧಿನಿಯಮದನ್ವಯ ಕನ್ನಡವು ರಾಜ್ಯದ ಆಡಳಿತ ಭಾಷೆಯಾಗಿರುವುದರಿಂದ ಪಹಣಿ, ಖಾತೆ, ನೋಟೀಸು, ಹಿಂಬರಹ ಮುಂತಾದ ಕಾಗದಪತ್ರಗಳು ಕನ್ನಡದಲ್ಲಿಯೇ ಕೈಸೇರುತ್ತವೆ. ಮಾತನಾಡುವಾಗ ಯಾವ ಅಡಚಣೆಯೂ ಇಲ್ಲದವರು ಸಹ ಬರೆಯಲು ಕುಳಿತಾಗ ಮೂರು ಕಡೆಗಳಲ್ಲಿ ತಡವರಿಸುವುದುಂಟು. ಒಂದು, ಉಚ್ಚಾರಣೆಯಲ್ಲಿ ಸಮೀಪವಿದ್ದು ಬರವಣಿಗೆಯಲ್ಲಿ ಬೇರೆಯಾಗಿರುವ ಅಕ್ಷರಗಳು. ಎರಡು, ಭೂತಕಾಲದಲ್ಲಿ ರೂಪವನ್ನೇ ಬದಲಿಸಿಕೊಳ್ಳುವ ಕ್ರಿಯಾಪದಗಳು. ಮೂರು, ಕಣ್ಣಿಗೆ ಕಾಣುವ ವಸ್ತುವನ್ನು ಸೂಚಿಸದ ಕಚೇರಿಯ ಪದಗಳು. ಈ ಮೂರನ್ನೂ ನೆನಪಿನ ಕೊಂಡಿ ಹಾಗೂ ಮನಸ್ಸಿನ ಚಿತ್ರಗಳ ಸಹಾಯದಿಂದ ಹೇಗೆ ಹಿಡಿತಕ್ಕೆ ತಂದುಕೊಳ್ಳಬಹುದೆಂಬುದನ್ನು, ಪೌತಿ ಖಾತೆಯ ಅರ್ಜಿಯೊಂದನ್ನು ಉದಾಹರಣೆಯಾಗಿ ಇಟ್ಟುಕೊಂಡು ಮುಂದೆ ವಿವರಿಸಲಾಗಿದೆ.

ಉದಾಹರಣೆಯ ಸಂದರ್ಭ

ಜಾಲಿಯ ಒಬ್ಬ ಅರ್ಜಿದಾರರನ್ನು ಊಹಿಸಿಕೊಳ್ಳೋಣ. ಅವರ ಮನೆಮಾತು ನವಾಯತಿ. ತಂದೆಯವರು ತೀರಿಕೊಂಡಿದ್ದು, ಅವರ ಹೆಸರಿನಲ್ಲಿರುವ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಬೇಕಾಗಿದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಮುಂತಾದವನ್ನು ಒದಗಿಸಿ ತಮ್ಮ ಕೈಬರಹದಲ್ಲಿ ಒಂದು ಮನವಿಯನ್ನೂ ಬರೆಯಬೇಕೆಂಬುದು ಅವರ ಇಚ್ಛೆ. ಅವರಿಗೆ ಕಷ್ಟವೆನಿಸಿದ ಪದಗಳು ಎಂಟು: ನಿಧನ, ದೃಢೀಕರಣ, ವಿಳಾಸ, ಪಶ್ಚಿಮ, ಕೊಂಡರು, ಪೌತಿ, ತಕರಾರು ಮತ್ತು ಋಣಭಾರ. ಇಷ್ಟನ್ನೇ ಹಿಡಿದು ನೋಡಿದರೆ ವಿಧಾನವು ಪೂರ್ಣವಾಗಿ ಅರ್ಥವಾಗುತ್ತದೆ. ಒಂದು ಅರ್ಜಿಗೆ ಎಂಟು ಹತ್ತು ಪದಗಳಿಗಿಂತ ಹೆಚ್ಚಿಗೆ ಕೊಂಡಿ ಹಾಕಲು ಹೋಗಬಾರದು. ಕೊಂಡಿಗಳೇ ಒಂದಕ್ಕೊಂದು ತೊಡರಿಕೊಳ್ಳುತ್ತವೆ.

ಅಕ್ಷರದ ತೊಡಕುಗಳು

ಕನ್ನಡದ ಕಾಗುಣಿತ ಬಹುಮಟ್ಟಿಗೆ ಉಚ್ಚಾರಣೆಯನ್ನೇ ಅನುಸರಿಸುತ್ತದೆ. ಆದುದರಿಂದ ತಪ್ಪುಗಳು ಎಲ್ಲೆಂದರಲ್ಲಿ ಆಗುವುದಿಲ್ಲ, ಕೆಲವೇ ಸ್ಥಳಗಳಲ್ಲಿ ಆಗುತ್ತವೆ. ಅಲ್ಪಪ್ರಾಣ ಮಹಾಪ್ರಾಣಗಳು, ಲಕಾರ ಳಕಾರಗಳು, ಶ ಷ ಸ ಎಂಬ ಮೂರು ಅಕ್ಷರಗಳು ಆ ಸ್ಥಳಗಳು. ತಾವು ಹಿಂದೆ ಬರೆದ ಯಾವುದಾದರೂ ಕಾಗದವನ್ನು ತೆಗೆದು ನೋಡಿದಲ್ಲಿ, ತಿದ್ದುಪಡಿಗಳು ಹೆಚ್ಚಾಗಿ ಈ ಮೂರರಲ್ಲಿಯೇ ಇರುವುದು ಕಂಡುಬರುತ್ತದೆ. ಇಡೀ ಪದಕ್ಕೆ ಚಿತ್ರ ಕಟ್ಟುವ ಅಗತ್ಯವಿಲ್ಲ. ಯಾವ ಒಂದು ಅಕ್ಷರದಲ್ಲಿ ಸಂದೇಹವಿದೆಯೋ ಅದಕ್ಕೆ ಮಾತ್ರ ಕೊಂಡಿ ಹಾಕತಕ್ಕದ್ದು.

ಮೊದಲು ದ ಮತ್ತು ಧ. ಎರಡಕ್ಕೂ ಆಕಾರ ಒಂದೇ. ಧ ಅಕ್ಷರದ ಅಡಿಯಲ್ಲಿ ಒಂದು ಚಿಕ್ಕ ಸೀಳುಗೆರೆ ಇರುತ್ತದೆ. ಇದೇ ಗೆರೆಯೇ ಡಕಾರವನ್ನು ಢಕಾರವಾಗಿಯೂ, ಪಕಾರವನ್ನು ಫಕಾರವಾಗಿಯೂ, ಬಕಾರವನ್ನು ಭಕಾರವಾಗಿಯೂ ಮಾಡುತ್ತದೆ. ಈ ಗೆರೆಯನ್ನು ಹಣ ಹಾಕುವ ಹುಂಡಿಯ ಕಿಂಡಿಯೆಂದು ಭಾವಿಸಿರಿ. ಧನ ಎಂಬ ಪದದಲ್ಲಿ ಕಿಂಡಿಯುಂಟು, ಏಕೆಂದರೆ ಹಣವು ಅಲ್ಲಿಂದಲೇ ಒಳಗೆ ಬೀಳುತ್ತದೆ. ದಾನ ಎಂಬ ಪದದಲ್ಲಿ ಕಿಂಡಿಯಿಲ್ಲ, ಏಕೆಂದರೆ ದಾನ ಕೊಟ್ಟವರು ಹುಂಡಿಯನ್ನು ಕೂಡಿಟ್ಟುಕೊಂಡಿಲ್ಲ. ಈಗ ನಿಧನ ಎಂಬ ಪದವನ್ನು ಬರೆದು ಮೊದಲ ಅಕ್ಷರವನ್ನು ಬೆರಳಿನಿಂದ ಮುಚ್ಚಿರಿ. ಉಳಿಯುವುದು ಧನ. ವ್ಯಕ್ತಿಯು ನಿಧನ ಹೊಂದಿದ ನಂತರ ಉಳಿಯುವ ಧನದ ವಿಚಾರವಾಗಿಯೇ ಪೌತಿ ಖಾತೆಯ ಅರ್ಜಿಯನ್ನು ಬರೆಯುತ್ತಿರುವುದರಿಂದ ಈ ಕೊಂಡಿಯು ಸುಲಭವಾಗಿ ಕಳಚುವುದಿಲ್ಲ. ವಿಧವಾ ವೇತನದ ಅರ್ಜಿ ಬರೆಯುವವರು ವಿಧವೆಗೆ ಸಲ್ಲುವ ಧನ ಎಂದು ನೆನೆದರೆ ಅಲ್ಲಿಯೂ ಅದೇ ಕಿಂಡಿ ಕಾಣಿಸಿಕೊಳ್ಳುತ್ತದೆ. ಇದು ಪದದ ವ್ಯುತ್ಪತ್ತಿಯಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. ನೆನಪಿಗಾಗಿ ಕಟ್ಟಿದ ಕೊಂಡಿಯನ್ನು ಪದದ ಮೂಲವೆಂದು ಮಕ್ಕಳಿಗೆ ಕಲಿಸಬಾರದು.

ಉತ್ತಮ ಕೊಂಡಿಯ ಲಕ್ಷಣವೂ ಇಲ್ಲಿಯೇ ತಿಳಿಯುತ್ತದೆ. ನೆನಪಿಡಬೇಕಾದ ವಿಷಯವು ಕೊಂಡಿಯ ಒಳಗೇ ಕುಳಿತಿರಬೇಕು. ಪ್ರೌಢಶಾಲೆಯಲ್ಲಿ ಛಂದಸ್ಸನ್ನು ಓದಿದವರಿಗೆ ಯಮಾತಾರಾಜಭಾನಸಲಗಂ ಎಂಬ ಸೂತ್ರ ಪರಿಚಿತವಾಗಿರುತ್ತದೆ. ಅದರಲ್ಲಿ ಯಕಾರದಿಂದ ಮೂರು ಅಕ್ಷರಗಳನ್ನು ಎಣಿಸಿದರೆ ಯಮಾತಾ, ಅಂದರೆ ಒಂದು ಲಘು ಎರಡು ಗುರು. ಯಗಣವೆಂದರೆ ಅದೇ. ಹೆಸರನ್ನು ಹೇಳುತ್ತಿದ್ದಂತೆಯೇ ಲಕ್ಷಣವೂ ಬಾಯಿಗೆ ಬಂದುಬಿಡುತ್ತದೆ, ಬೇರೊಂದು ಪಟ್ಟಿಯನ್ನು ನೆನಪಿಡಬೇಕಾಗಿಲ್ಲ. ನಿಧನದೊಳಗೆ ಧನವನ್ನು ಕಾಣುವುದೂ ಇದೇ ಬಗೆಯದು.

ದೃಢೀಕರಣ ಎಂಬ ಪದವನ್ನು ದೃಡೀಕರಣ, ಧೃಡೀಕರಣ, ಧೃಢೀಕರಣ ಎಂದೆಲ್ಲ ಬರೆಯುವುದು ಸಾಮಾನ್ಯ. ಇಲ್ಲಿ ಸೀಳುಗೆರೆ ಒಂದೇ ಇದ್ದು, ಅದು ಎರಡನೆಯ ಅಕ್ಷರದಲ್ಲಿದೆ. ಕಚೇರಿಯಲ್ಲಿ ದೃಢೀಕರಿಸುವ ಕ್ರಮವನ್ನು ಮನಸ್ಸಿನಲ್ಲಿ ನೋಡಿರಿ. ಮೊದಲು ಕಾಗದವನ್ನು ಮೇಜಿನ ಮೇಲೆ ಸದ್ದಿಲ್ಲದೆ ಇಡುತ್ತಾರೆ, ಅನಂತರ ಮೊಹರನ್ನು ಢಂ ಎಂದು ಒತ್ತುತ್ತಾರೆ. ಮೊದಲು ಮೆತ್ತಗಿನ ದೃ, ಆಮೇಲೆ ಢಂ ಎನ್ನುವ ಢ. ಮೊಹರು ಕಾಗದದ ಕೆಳಭಾಗಕ್ಕೆ ಬೀಳುವಂತೆ ಗೆರೆಯೂ ಅಕ್ಷರದ ಕೆಳಭಾಗಕ್ಕೆ ಬೀಳುತ್ತದೆ. ದೃಢ, ಸುದೃಢ, ದೃಢಪತ್ರ ಇವೆಲ್ಲಕ್ಕೂ ಇದೊಂದೇ ಚಿತ್ರ ಸಾಕು.

ಉರ್ದು ಲಿಪಿಯನ್ನು ಬಲ್ಲವರಿಗೆ ಇನ್ನೊಂದು ಅನುಕೂಲವುಂಟು. ಉರ್ದುವಿನಲ್ಲಿ ಮಹಾಪ್ರಾಣವನ್ನು ಬರೆಯುವಾಗ ಮೂಲ ಅಕ್ಷರದ ಮುಂದೆ ಎರಡು ಕಣ್ಣುಗಳುಳ್ಳ ಹೇ, ಅಂದರೆ ದೋ ಚಶ್ಮೀ ಹೇ ಎಂಬ ಅಕ್ಷರವನ್ನು ಸೇರಿಸುತ್ತಾರೆ. ಖಾತೆ ಎಂಬ ಪದವನ್ನು ಉರ್ದುವಿನಲ್ಲಿ ಬರೆದು ನೋಡಿದರೆ ಆ ಎರಡು ಕಣ್ಣುಗಳು ಕಾಣುತ್ತವೆ, ಆದುದರಿಂದ ಕನ್ನಡದಲ್ಲಿ ಖ. ಆದರೆ ಈ ಸಹಾಯವು ಎರಡು ಭಾಷೆಗಳಿಗೂ ಸಾಮಾನ್ಯವಾದ ದೇಶೀಯ ಪದಗಳಿಗೆ ಮಾತ್ರ ಸಲ್ಲುತ್ತದೆ. ಅರಬಿ ಮತ್ತು ಪಾರಸಿಯಿಂದ ಬಂದ ಪದಗಳಲ್ಲಿ ಖಕಾರ ಫಕಾರಗಳ ಧ್ವನಿಗೆ ಬೇರೆಯೇ ಅಕ್ಷರಗಳಿದ್ದು, ಅಲ್ಲಿ ಎರಡು ಕಣ್ಣುಗಳನ್ನು ಹುಡುಕಿದರೆ ಸಿಗುವುದಿಲ್ಲ.

ವಿಳಾಸ ಮತ್ತು ವಿಲಾಸ ಎಂಬಲ್ಲಿ ಅಕ್ಷರ ಬದಲಾದರೆ ಅರ್ಥವೇ ಬದಲಾಗುತ್ತದೆ. ವಿಳಾಸವೆಂದರೆ ಕಾಗದ ತಲುಪಬೇಕಾದ ಸ್ಥಳ, ವಿಲಾಸವೆಂದರೆ ಭೋಗ ಅಥವಾ ಬೆಡಗು. ಭಟ್ಕಳ ತಾಲ್ಲೂಕಿನವರು ತಮ್ಮ ವಿಳಾಸದ ಕೊನೆಯ ಸಾಲಿನಲ್ಲಿ ಭಟ್ಕಳ ಎಂದು ಬರೆಯಲೇಬೇಕು. ಆ ಹೆಸರಿನ ಕೊನೆಯ ಅಕ್ಷರವೇ ವಿಳಾಸದ ನಡುವಿನ ಅಕ್ಷರ. ಭಟ್ಕಳದ ಳಕಾರವು ಒಂದು ಲಕೋಟೆಯೊಳಗೆ ಕುಳಿತು ಮನೆಗೆ ಬರುತ್ತಿರುವಂತೆ ಕಲ್ಪಿಸಿಕೊಳ್ಳಬಹುದು. ಜಾಲಿಯವರು ಇಲ್ಲಿ ಎಚ್ಚರ ವಹಿಸಬೇಕು. ಊರಿನ ಹೆಸರಿನಲ್ಲಿ ಲಕಾರವಿರುವುದರಿಂದ ಜಾಲಿಯನ್ನು ಕೊಂಡಿಯಾಗಿ ಹಿಡಿದರೆ ವಿಲಾಸವೇ ಬರುತ್ತದೆ. ಹೊನ್ನಾವರ ಮತ್ತು ಕುಮಟಾ ಎಂಬ ಹೆಸರುಗಳಲ್ಲಿ ಎರಡೂ ಅಕ್ಷರಗಳಿಲ್ಲ. ಅಲ್ಲಿಯವರು ಶರಾವತಿ ಹೊಳೆ, ಅಘನಾಶಿನಿ ಹೊಳೆ ಎಂಬುದನ್ನು ನೆನೆದು, ಹೊಳೆಯ ದಡದ ವಿಳಾಸ ಎಂದು ಕಟ್ಟಿಕೊಳ್ಳಬಹುದು. ಕೊಂಡಿಯನ್ನು ಆರಿಸುವ ಮೊದಲು ಅದು ವಿರುದ್ಧ ಅಕ್ಷರದ ಕಡೆಗೆ ಎಳೆಯುವುದೋ ಎಂದು ಹೀಗೆ ಪರೀಕ್ಷಿಸಿ ನೋಡುವುದು ಅವಶ್ಯ.

ಶ ಷ ಸ ಎಂಬ ಮೂರು ಅಕ್ಷರಗಳಿಗೆ ಚಿತ್ರಕ್ಕಿಂತ ನಿಯಮವೇ ಹೆಚ್ಚು ಉಪಯುಕ್ತ. ಒತ್ತಕ್ಷರದಲ್ಲಿ ಚವರ್ಗದ ಜೊತೆಗೆ ಶ, ಟವರ್ಗದ ಜೊತೆಗೆ ಷ, ತವರ್ಗದ ಜೊತೆಗೆ ಸ ಬರುತ್ತದೆ. ನಿಶ್ಚಯ, ಪಶ್ಚಿಮ, ನಷ್ಟ, ಸ್ಪಷ್ಟ, ಕನಿಷ್ಠ, ಸಮಸ್ತ, ದಸ್ತಾವೇಜು. ಬಾಯಿಯೊಳಗೆ ನಾಲಿಗೆ ತಾಗುವ ಸ್ಥಳವನ್ನು ಗಮನಿಸಿದರೆ ಇದರ ಕಾರಣವೂ ಅರ್ಥವಾಗುತ್ತದೆ, ಒಂದೇ ಮನೆಯವರು ಒಟ್ಟಿಗೆ ಇರುತ್ತಾರೆ. ಆಸ್ತಿಯ ಚೆಕ್ಕುಬಂದಿ ಬರೆಯುವಾಗ ಪಶ್ಚಿಮಕ್ಕೆ ಯಾವ ಶಕಾರ ಎಂಬ ಸಂದೇಹ ಈ ನಿಯಮದಿಂದ ತೀರುತ್ತದೆ. ಪೋಸ್ಟ್, ರಿಜಿಸ್ಟರ್ ಮುಂತಾದ ಇಂಗ್ಲಿಷ್ ಪದಗಳಿಗೆ ಇದು ಅನ್ವಯಿಸುವುದಿಲ್ಲ. ಒತ್ತಕ್ಷರವಲ್ಲದೆ ಬಿಡಿಯಾಗಿ ಬರುವ ಪರಿಶೀಲನೆ, ಘೋಷಣೆ ಮುಂತಾದವುಗಳಿಗೂ ನಿಯಮದ ನೆರವು ದೊರೆಯದು, ಅವನ್ನು ಬರೆದೇ ರೂಢಿ ಮಾಡಿಕೊಳ್ಳಬೇಕು.

ರೂಪ ಬದಲಿಸುವ ಕ್ರಿಯಾಪದಗಳು

ಮನವಿ, ಹೇಳಿಕೆ, ಮುಚ್ಚಳಿಕೆ ಇವುಗಳಲ್ಲಿ ನಡೆದುಹೋದ ಸಂಗತಿಗಳನ್ನೇ ಬರೆಯಬೇಕಾಗುವುದರಿಂದ ಭೂತಕಾಲದ ರೂಪಗಳು ಹೆಚ್ಚಾಗಿ ಬರುತ್ತವೆ. ಮಾಡು ಎಂಬುದು ಮಾಡಿದ ಎಂದಾಗುವಂತೆ ಕೊಡು ಎಂಬುದನ್ನು ಕೊಡಿದ ಎಂದೂ, ಬೀಳು ಎಂಬುದನ್ನು ಬೀಳಿದ ಎಂದೂ ಬರೆದುಬಿಡುವುದು ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿತವರಲ್ಲಿ ಕಾಣುವ ತಪ್ಪು. ಈ ಕ್ರಿಯಾಪದಗಳನ್ನು ಒಂದೊಂದಾಗಿ ಕಂಠಪಾಠ ಮಾಡುವ ಬದಲು ಅವುಗಳ ಆಕಾರವನ್ನು ನೋಡಬೇಕು.

ಡು ಎಂದು ಕೊನೆಗೊಳ್ಳುವ ಎರಡಕ್ಷರದ ಕ್ರಿಯಾಪದಗಳಿಂದ ಆರಂಭಿಸುವುದು ಸುಲಭ. ಮೊದಲ ಅಕ್ಷರ ಹ್ರಸ್ವವಾಗಿದ್ದರೆ ಟಕಾರದ ಒತ್ತು ಬರುತ್ತದೆ: ಕೊಡು ಕೊಟ್ಟ, ಇಡು ಇಟ್ಟ, ಬಿಡು ಬಿಟ್ಟ, ನೆಡು ನೆಟ್ಟ, ಸುಡು ಸುಟ್ಟ. ಮೊದಲ ಅಕ್ಷರ ದೀರ್ಘವಾಗಿದ್ದರೆ ರೂಪ ಸರಳವಾಗಿಯೇ ಉಳಿಯುತ್ತದೆ: ಮಾಡು ಮಾಡಿದ, ನೋಡು ನೋಡಿದ, ನೀಡು ನೀಡಿದ, ಬೇಡು ಬೇಡಿದ. ಇದನ್ನು ಮೀನು ಮಾರುಕಟ್ಟೆಯ ತಕ್ಕಡಿಯಂತೆ ಭಾವಿಸಬಹುದು. ಎಡದ ತಟ್ಟೆಯಲ್ಲಿ ದೀರ್ಘಸ್ವರದ ಭಾರವಿದ್ದರೆ ಬಲದ ತಟ್ಟೆಗೆ ಒತ್ತು ಬೇಡ. ಎಡದ ತಟ್ಟೆ ಹಗುರವಾಗಿದ್ದರೆ ಬಲಕ್ಕೆ ಒತ್ತಕ್ಷರದ ಕಲ್ಲನ್ನು ಇಡಬೇಕು.

ಇದೇ ತಕ್ಕಡಿಯು ಇತರ ಕ್ರಿಯಾಪದಗಳಿಗೂ ಬರುತ್ತದೆ. ಬೀಳು ಎಂಬುದು ಬಿದ್ದ, ಏಳು ಎಂಬುದು ಎದ್ದ, ಸಾಯು ಎಂಬುದು ಸತ್ತ, ಕೀಳು ಎಂಬುದು ಕಿತ್ತ, ಕಾಣು ಎಂಬುದು ಕಂಡ, ಬೇಯು ಎಂಬುದು ಬೆಂದ. ಎಲ್ಲದರಲ್ಲೂ ಬಲಕ್ಕೆ ಒತ್ತು ಅಥವಾ ಸೊನ್ನೆ ಬಂದ ಕೂಡಲೇ ಎಡದ ದೀರ್ಘ ಕುಗ್ಗಿ ಹ್ರಸ್ವವಾಗಿದೆ. ಹೋಗು ಹೋದ, ಆಗು ಆದ, ಸೋಲು ಸೋತ ಎಂಬಲ್ಲಿ ಒತ್ತು ಬಂದಿಲ್ಲವಾದ್ದರಿಂದ ದೀರ್ಘ ಹಾಗೆಯೇ ನಿಂತಿದೆ. ಆದುದರಿಂದ ಬೀದ್ದ, ಸಾತ್ತ ಎಂದು ಬರೆದಿದ್ದರೆ ತಕ್ಕಡಿ ಎರಡೂ ಕಡೆ ಭಾರವಾಗಿದೆಯೆಂದು ಕಣ್ಣಿಗೇ ತಿಳಿಯುತ್ತದೆ.

ತಕ್ಕಡಿಯು ಆಕಾರವನ್ನು ತಿಳಿಸುತ್ತದೆಯೇ ಹೊರತು ಯಾವ ವ್ಯಂಜನ ಬರಬೇಕೆಂಬುದನ್ನು ತಿಳಿಸುವುದಿಲ್ಲ. ಅದಕ್ಕಾಗಿ ಒಂದೇ ಬಗೆಯ ಕ್ರಿಯಾಪದಗಳನ್ನು ಒಂದು ದೃಶ್ಯದಲ್ಲಿ ಕೂಡಿಸಿಕೊಳ್ಳಬಹುದು. ಒಬ್ಬರು ಜಾಲಿಯ ಕಡಲತೀರದಿಂದ ಬಂದರು, ಮೀನು ತಂದರು, ಮೀನು ಒಲೆಯ ಮೇಲೆ ಬೆಂದಿತು, ಅಷ್ಟರಲ್ಲಿ ಅವರು ಮಿಂದರು, ಬಳಿಕ ತಿಂದರು. ಬರು, ತರು, ಬೇಯು, ಮೀಯು, ತಿನ್ನು ಎಂಬ ಐದು ಬೇರೆ ಬೇರೆ ಆಕಾರದ ಕ್ರಿಯಾಪದಗಳು ಸೊನ್ನೆ ಮತ್ತು ದಕಾರದ ಒಂದೇ ಮನೆಗೆ ಸೇರಿದುವು. ದೃಶ್ಯವು ನಿಜವಾಗಿ ನಡೆಯಬಹುದಾದ ಕ್ರಮದಲ್ಲಿದ್ದರೆ ಒಂದು ಕ್ರಿಯಾಪದವು ಮುಂದಿನದನ್ನು ತಾನೇ ಕರೆತರುತ್ತದೆ.

ಕ್ರಯದ ವಿಷಯ ಬರೆಯುವವರು ವಿಶೇಷವಾಗಿ ಲಕ್ಷಿಸಬೇಕಾದುದು ಕೊಳ್ಳು ಮತ್ತು ಕೊಲ್ಲು ಎಂಬ ಜೋಡಿ. ಕೊಳ್ಳು ಎಂಬುದರ ಭೂತಕಾಲ ಕೊಂಡರು, ಕೊಲ್ಲು ಎಂಬುದರ ಭೂತಕಾಲ ಕೊಂದರು. ತಂದೆಯವರು ಸದರಿ ಜಮೀನನ್ನು ಕೊಂದರು ಎಂದು ಬರೆದ ಮನವಿಯನ್ನು ಓದುವವರು ಅರ್ಥವನ್ನು ಊಹಿಸಿಕೊಂಡಾರು, ಆದರೆ ಅರ್ಜಿದಾರರಿಗೆ ಅದು ಮುಜುಗರದ ಸಂಗತಿ. ಇಲ್ಲಿಯೂ ನಾಲಿಗೆಯ ಸ್ಥಳವೇ ಸಹಾಯಕ್ಕೆ ಬರುತ್ತದೆ. ಳ, ಣ, ಡ ಇವು ಮೂರೂ ನಾಲಿಗೆಯನ್ನು ಮೇಲಕ್ಕೆ ಮಡಚಿ ಆಡುವ ಅಕ್ಷರಗಳು. ಆದುದರಿಂದ ಕೊಳ್ಳು ಕೊಂಡ, ಉಣ್ಣು ಉಂಡ, ಕಾಣು ಕಂಡ. ಲ, ನ, ದ ಇವು ಮೂರೂ ಮುಂದಕ್ಕೆ, ಹಲ್ಲಿನ ಬಳಿ ಆಡುವ ಅಕ್ಷರಗಳು. ಆದುದರಿಂದ ಕೊಲ್ಲು ಕೊಂದ, ಸಲ್ಲು ಸಂದ, ತಿನ್ನು ತಿಂದ, ಎನ್ನು ಎಂದ. ಬೀಳು, ಏಳು ಎಂಬವು ಬಿದ್ದ, ಎದ್ದ ಎಂದಾಗಿ ಈ ನಿಯಮವನ್ನು ಮೀರಿದಂತೆ ತೋರುತ್ತವೆ. ಹಳಗನ್ನಡದಲ್ಲಿ ಇವುಗಳಲ್ಲಿ ಇದ್ದದ್ದು ಳಕಾರವಲ್ಲ, ಈಗ ಬಳಕೆಯಿಂದ ಮರೆಯಾಗಿರುವ ೞ ಎಂಬ ಬೇರೆ ಅಕ್ಷರ. ಅಕ್ಷರ ಹೋದರೂ ಅದರ ಭೂತಕಾಲದ ರೂಪ ಮಾತ್ರ ಉಳಿದುಕೊಂಡಿದೆ. ಇಂತಹವನ್ನು ನಿಯಮಕ್ಕೆ ಒಗ್ಗಿಸಲು ಹೋಗದೆ, ಬಿದ್ದವರು ಎದ್ದರು ಎಂಬ ಒಂದೇ ಚಿತ್ರದಲ್ಲಿ ಜೋಡಿಯಾಗಿ ಇಟ್ಟುಕೊಳ್ಳುವುದು ಮೇಲು.

ಕಣ್ಣಿಗೆ ಕಾಣದ ಪದಗಳು

ಪಹಣಿ ಎಂದರೆ ಒಂದು ಹಾಳೆ ಕಣ್ಣಿಗೆ ಬರುತ್ತದೆ. ಋಣಭಾರ, ತಕರಾರು, ಅನುಮೋದನೆ ಎಂದರೆ ಏನೂ ಬರುವುದಿಲ್ಲ. ಚಿತ್ರವಾಗಿಯೂ ಮಾತಾಗಿಯೂ ಎರಡು ಬಗೆಯಲ್ಲಿ ಮನಸ್ಸಿನಲ್ಲಿ ನಿಲ್ಲುವ ಪದಗಳು ಹೆಚ್ಚು ಸುಲಭವಾಗಿ ನೆನಪಿಗೆ ಬರುತ್ತವೆಂದು ಕೆನಡಾದ ಮನೋವಿಜ್ಞಾನಿ ಅಲನ್ ಪೈವಿಯೋ ಅವರು 1971ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಚಿತ್ರವಿಲ್ಲದ ಪದಕ್ಕೆ ಚಿತ್ರವೊಂದನ್ನು ಎರವಲು ಕೊಡುವ ವಿಧಾನವನ್ನು ಅಮೆರಿಕದ ರಿಚರ್ಡ್ ಅಟ್ಕಿನ್ಸನ್ ಮತ್ತು ಮೈಕೆಲ್ ರಾ ಅವರು 1975ರಲ್ಲಿ ಪರೀಕ್ಷಿಸಿದರು. ರಷ್ಯನ್ ಭಾಷೆಯ 120 ಪದಗಳನ್ನು ಮೂರು ದಿನಗಳಲ್ಲಿ ಕಲಿತವರ ಪೈಕಿ, ಈ ವಿಧಾನವನ್ನು ಅನುಸರಿಸಿದವರು ಮರುದಿನದ ಪರೀಕ್ಷೆಯಲ್ಲಿ ಶೇಕಡಾ 72 ಪದಗಳ ಅರ್ಥವನ್ನೂ, ಅನುಸರಿಸದವರು ಶೇಕಡಾ 46 ಪದಗಳ ಅರ್ಥವನ್ನೂ ಹೇಳಿದರು. ಆರು ವಾರಗಳ ನಂತರ ಇದು ಶೇಕಡಾ 43 ಮತ್ತು 28ಕ್ಕೆ ಇಳಿದಿತ್ತು. ವಿಧಾನದ ಪ್ರಯೋಜನವೂ, ಪುನರಾವರ್ತನೆ ಇಲ್ಲದಿದ್ದರೆ ಅದು ಕರಗುವ ವೇಗವೂ ಈ ಅಂಕಿಗಳಿಂದಲೇ ತಿಳಿಯುತ್ತದೆ.

ವಿಧಾನದಲ್ಲಿ ಎರಡು ಹೆಜ್ಜೆಗಳಿವೆ. ಹೊಸ ಪದದ ಧ್ವನಿಗೆ ಹೋಲುವ, ತಮಗೆ ಚೆನ್ನಾಗಿ ಗೊತ್ತಿರುವ ಪದವೊಂದನ್ನು ಹುಡುಕುವುದು ಮೊದಲನೆಯದು. ಆ ಗೊತ್ತಿರುವ ಪದ ಮತ್ತು ಹೊಸ ಅರ್ಥ ಎರಡೂ ಒಂದೇ ಚಿತ್ರದಲ್ಲಿ ಪರಸ್ಪರ ಏನನ್ನಾದರೂ ಮಾಡುತ್ತಿರುವಂತೆ ಕಲ್ಪಿಸುವುದು ಎರಡನೆಯದು. ಎರಡನೆಯ ಹೆಜ್ಜೆಯನ್ನು ಬಿಟ್ಟವರಿಗೆ ಹೋಲುವ ಪದ ನೆನಪಾಗುತ್ತದೆ, ಅರ್ಥ ಮಾತ್ರ ಬರುವುದಿಲ್ಲ.

ನವಾಯತಿ ಮತ್ತು ಉರ್ದು ಮನೆಮಾತಿನವರಿಗೆ ಮೊದಲ ಹೆಜ್ಜೆ ಅರ್ಧ ಮುಗಿದಂತೆಯೇ. ಕಂದಾಯ ಕಚೇರಿಯ ಕನ್ನಡದಲ್ಲಿ ಅರಬಿ ಪಾರಸಿಯ ಪದಗಳು ಬಹಳ. ಅರ್ಜಿ, ಬಾಕಿ, ವಸೂಲಿ, ಮಂಜೂರು, ರದ್ದು, ಹಾಜರು, ವಾರಸುದಾರ ಇವೆಲ್ಲ ಅವರ ಮನೆಯಲ್ಲಿ ಬೇರೆ ಉಚ್ಚಾರಣೆಯಲ್ಲಿ ಓಡಾಡುವ ಪದಗಳೇ. ಪೌತಿ ಎಂಬುದು ಮರಣವನ್ನು ಹೇಳುವ ಫೌತಿ, ಹೀಗೆಂದು ತಿಳಿದ ಮೇಲೆ ಪೌತಿ ಖಾತೆ ಎಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ಆದರೆ ಮೂಲವು ಅರ್ಥಕ್ಕೆ ನೆರವಾಗುತ್ತದೆ, ಕಾಗುಣಿತಕ್ಕೆ ನೆರವಾಗುವುದಿಲ್ಲ. ಮೂಲದಲ್ಲಿ ಫಕಾರವಿದ್ದರೂ ಕಂದಾಯ ದಾಖಲೆಗಳಲ್ಲಿ ಬರೆಯುವುದು ಪೌತಿ ಎಂದೇ. ಶಿಫಾರಸು ಎಂಬಲ್ಲಿ ಮಾತ್ರ ಫಕಾರ ಉಳಿದಿದೆ. ಅರ್ಥವೂ ಕೆಲವೊಮ್ಮೆ ಸರಿದಿರುತ್ತದೆ. ತಕರಾರು ಎಂಬುದು ಮನೆಯಲ್ಲಿ ಜಗಳ, ಕಚೇರಿಯಲ್ಲಿ ಆಕ್ಷೇಪಣೆ. ಖಾತೆ ಬದಲಾವಣೆಗೆ ತಕರಾರು ಇದ್ದಲ್ಲಿ ಸಲ್ಲಿಸುವಂತೆ ನೋಟೀಸು ಬಂದರೆ ಯಾರೋ ಜಗಳಕ್ಕೆ ಕರೆದರೆಂದು ಗಾಬರಿಯಾಗುವ ಕಾರಣವಿಲ್ಲ. ಇದಕ್ಕೆ, ಇಬ್ಬರು ಬಾಯಿ ಮುಚ್ಚಿಕೊಂಡು ಮೇಜಿನ ಎದುರು ಕುಳಿತು ತಮ್ಮ ಜಗಳವನ್ನು ಕಾಗದದ ಮೇಲೆ ಬರೆಯುತ್ತಿರುವ ಚಿತ್ರ ಸಾಕಾಗುತ್ತದೆ. ಜಮೀನು ಮತ್ತು ಜಾಮೀನು ಎಂಬಲ್ಲಿ ಮೊದಲ ಸ್ವರವೊಂದೇ ಭೇದ. ನೆಲಕ್ಕೆ ಹ್ರಸ್ವ. ಇನ್ನೊಬ್ಬರ ಹೊಣೆಯನ್ನು ಹೊತ್ತವರ ಚಾಚಿದ ಕೈಯನ್ನು ಜಕಾರದ ದೀರ್ಘವಾಗಿ ನೋಡಿದರೆ ಜಾಮೀನು.

ಸಂಸ್ಕೃತ ಮೂಲದ ಪದಗಳನ್ನು ಬಿಡಿಸಿದರೆ ಒಳಗೇ ಚಿತ್ರ ಸಿಗುವುದುಂಟು. ಋಣಭಾರ ಎಂಬಲ್ಲಿ ಭಾರವಿದೆ. ಮನೆಯೊಂದರ ಮಾಡಿನ ಮೇಲೆ ಸಾಲದ ಮೂಟೆಗಳನ್ನು ಹೇರಿರುವಂತೆ, ಋಣಭಾರ ಪತ್ರವನ್ನು ಪಡೆಯುವವರು ಮಾಡಿನ ಮೇಲೆ ಮೂಟೆಗಳಿವೆಯೇ ಎಂದು ತಲೆಯೆತ್ತಿ ನೋಡುತ್ತಿರುವಂತೆ ಭಾವಿಸಿರಿ. ಅನುಬಂಧದಲ್ಲಿ ಬಂಧವಿದೆ, ಅದು ಅರ್ಜಿಗೆ ದಾರದಿಂದ ಕಟ್ಟಿದ ಹಾಳೆ. ಅನುಮತಿ ಮತ್ತು ಅನುಮೋದನೆ ಎಂಬವು ಒಂದೇ ರೀತಿ ಆರಂಭವಾಗುವುದರಿಂದ ಗೊಂದಲವಾಗುತ್ತದೆ. ಕೆಲಸಕ್ಕೆ ಮೊದಲು ತೆರೆಯುವ ಬಾಗಿಲು ಅನುಮತಿ. ಮುಂದಿಟ್ಟ ಪ್ರಸ್ತಾವನೆಯನ್ನು ನೋಡಿ ಸಂತೋಷದಿಂದ ತಲೆದೂಗುವುದು ಅನುಮೋದನೆ, ಮೋದವೆಂದರೆ ಸಂತೋಷವೇ. ಹಂಗಾಮಿ ಎಂಬುದಕ್ಕೆ ಕರಾವಳಿಯವರ ಕಣ್ಣೆದುರಿಗೇ ಚಿತ್ರವಿದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ದಡಕ್ಕೆ ಎಳೆದ ದೋಣಿಗೆ ಹಾಕುವ ಹೊದಿಕೆಯು ಹಂಗಾಮು ಮುಗಿದೊಡನೆ ಹೋಗುವಂತಹುದು, ಹಂಗಾಮಿ ಆದೇಶವೂ ಹಾಗೆಯೇ.

ಪರೀಕ್ಷಿಸಿಕೊಳ್ಳುವ ಕ್ರಮ

ಮೇಲ್ಕಂಡ ಅರ್ಜಿದಾರರು ಎಂಟು ಪದಗಳಿಗೆ ಚಿತ್ರಗಳನ್ನು ಕಟ್ಟಿಕೊಂಡ ದಿನ ಸಂಜೆ, ಪಟ್ಟಿಯನ್ನು ಮುಚ್ಚಿಟ್ಟು ಮನೆಯವರೊಬ್ಬರಿಂದ ಅರ್ಥವನ್ನಷ್ಟೇ ಹೇಳಿಸಿಕೊಂಡು ಪದವನ್ನು ಬರೆಯಬೇಕು. ಮರುದಿನ ಒಮ್ಮೆ, ಒಂದು ವಾರದ ನಂತರ ಒಮ್ಮೆ ಹೀಗೆಯೇ ಮಾಡತಕ್ಕದ್ದು. ಪಟ್ಟಿಯನ್ನು ತೆರೆದಿಟ್ಟು ಓದುವುದು ಇದಕ್ಕೆ ಸಮವಾಗದು, ಓದುವಾಗ ಎಲ್ಲವೂ ಗೊತ್ತಿರುವಂತೆಯೇ ತೋರುತ್ತದೆ. ಬರೆಯುವಾಗ ಚಿತ್ರ ಬಂದು ಪದ ಬಾರದಿದ್ದರೆ ಧ್ವನಿಯ ಹೋಲಿಕೆ ಸಡಿಲವಾಗಿದೆಯೆಂದು ತಿಳಿಯಬೇಕು. ಪದ ಬಂದು ಅಕ್ಷರ ತಪ್ಪಿದರೆ ಕೊಂಡಿಯು ತಪ್ಪು ಅಕ್ಷರದ ಮೇಲೆ ಬಿದ್ದಿದೆ. ಹುಂಡಿಯ ಕಿಂಡಿ ನೆನಪಿದ್ದು ಅದು ಧನದಲ್ಲೋ ದಾನದಲ್ಲೋ ಎಂದು ಮರೆತಿದ್ದರೆ ಎರಡನ್ನೂ ಒಂದೇ ದಿನ ಕಲಿತಿರುವ ಸಂಭವ ಹೆಚ್ಚು. ಜೋಡಿ ಪದಗಳಲ್ಲಿ ಒಂದನ್ನು ಗಟ್ಟಿ ಮಾಡಿಕೊಂಡು ಎರಡು ಮೂರು ದಿನಗಳ ನಂತರ ಇನ್ನೊಂದನ್ನು ಕಲಿಯುವುದು ಸೂಕ್ತ. ಕೆಲವು ಸಲ ಬರೆದ ಬಳಿಕ ಚಿತ್ರವಿಲ್ಲದೆಯೇ ಕೈ ಸರಿಯಾಗಿ ಓಡತೊಡಗುತ್ತದೆ. ಆಗ ಚಿತ್ರವನ್ನು ಬಿಟ್ಟುಬಿಡಬಹುದು.

ಹೆಸರುಗಳ ವಿಷಯದಲ್ಲಿ ಎಚ್ಚರಿಕೆ

ಈ ಯಾವ ವಿಧಾನವನ್ನೂ ವ್ಯಕ್ತಿಗಳ ಹೆಸರಿಗೆ ಅನ್ವಯಿಸಬಾರದೆಂದು ತಿಳಿಸಲಾಗಿದೆ. ಮಹಮ್ಮದ್, ಮುಹಮ್ಮದ್, ಮೊಹಮ್ಮದ್ ಎಂಬ ಮೂರು ರೂಪಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಗೆ ವ್ಯಾಕರಣದಲ್ಲಿ ಉತ್ತರವಿಲ್ಲ. ಪಹಣಿಯಲ್ಲಿ ಮತ್ತು ಮರಣ ಪ್ರಮಾಣಪತ್ರದಲ್ಲಿ ಹೇಗಿದೆಯೋ ಅದೇ ಅರ್ಜಿಯಲ್ಲಿಯೂ ಇರಬೇಕು. ಖಕಾರ ಕಕಾರ, ಫಕಾರ ಪಕಾರಗಳ ಭೇದವನ್ನು ತಾವಾಗಿ ತಿದ್ದಲು ಹೋದರೆ ಒಬ್ಬರೇ ವ್ಯಕ್ತಿ ಇಬ್ಬರಂತೆ ತೋರಿ, ಅರ್ಜಿಯ ಪರಿಶೀಲನೆ ತಡವಾಗಬಹುದು. ಹೆಸರನ್ನು ನೆನಪಿನಿಂದ ಬರೆಯದೆ, ದಾಖಲೆಯನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ನೋಡಿ ನಕಲು ಮಾಡಬೇಕು. ಎರಡು ದಾಖಲೆಗಳಲ್ಲಿ ಎರಡು ರೂಪಗಳಿದ್ದಲ್ಲಿ ಎರಡನ್ನೂ ಅರ್ಜಿಯಲ್ಲಿ ಕಾಣಿಸಿ, ಇಬ್ಬರೂ ಒಬ್ಬರೇ ಎಂಬುದನ್ನು ಬರೆದು, ಇದಕ್ಕೆ ಬೇಕಾಗುವ ದೃಢೀಕರಣದ ಬಗ್ಗೆ ಅರ್ಜಿ ಸ್ವೀಕರಿಸುವ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸುವುದು.